ಪದಚರ್ಚೆ: ‘ಹುಸಿದೂರ’ ಅಂದರೆ ಮಕ್ಕಳಿಗೆ ಏನು ಅನಿಸುತ್ತದೆ?

ಎಲ್ಲರಿಗೂ ನಮಸ್ಕಾರ.

ವಿಜ್ಞಾನ ದಿನಕ್ಕೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಏಳು ನಿಮಿಷ ಮಾತಾಡಬೇಕು. ವಿಷಯ ಅವಳದೇ ಆಯ್ಕೆ: ಫೋನಿಗೆ ತಾನು ಎಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ? ತಿದ್ದುವ ಕೆಲಸ ನನ್ನದು. ಅವಳು ಬರೆದದ್ದು ಹೀಗಿದೆ:

“ಫೋನ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತದೆ. ಪ್ರತಿ ಉಪಗ್ರಹವೂ ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಅಂತ ಹೇಳುತ್ತಲೇ ಇರುತ್ತದೆ. ಮಾತು ಹೊರಟ ಹೊತ್ತು ಮತ್ತು ತಲುಪಿದ ಹೊತ್ತು ಗೊತ್ತಾದರೆ ದೂರ ಗೊತ್ತಾಗುತ್ತದೆ. ಆದರೆ ಈ ದೂರ ನಿಜವಾದ ದೂರ ಅಲ್ಲ, ಹುಸಿದೂರ. ಮೂರು ಹುಸಿದೂರಗಳಿಂದ ತ್ರಿಕೋನ ಮಾಡಿ ಜಾಗ ಹುಡುಕುತ್ತಾರೆ.”

ನನಗೆ ಎರಡು ಕಡೆ ತಡೆಯಿತು. ಒಂದು, ‘ಹುಸಿದೂರ’. ಓದಿ ತೋರಿಸಿದಾಗ ಮುಂದಿನ ಬೆಂಚಿನ ಹುಡುಗ “ಹಾಗಾದ್ರೆ ಉಪಗ್ರಹ ಸುಳ್ಳು ಹೇಳುತ್ತಾ?” ಅಂತ ಕೇಳಿದ. ಇನ್ನೊಂದು, ಕೊನೆಯ ವಾಕ್ಯದ ‘ತ್ರಿಕೋನ’. ಅದು ಸರಿಯೇ?

– ಹೈಸ್ಕೂಲು ಶಿಕ್ಷಕಿ

*

ಮೇಡಂ, ಮೂವತ್ತು ವರ್ಷ ಜಮೀನು ಅಳೆದವನು ನಾನು. ತ್ರಿಕೋನ ಖಂಡಿತ ಬೇಡ. ಆ ಮಾತು ಕೇಳಿದರೆ ನನ್ನಂಥವರಿಗೆ ಥಿಯೊಡೊಲೈಟ್ ನೆನಪಾಗುತ್ತದೆ. ಎರಡು ಕಡೆ ನಿಂತು ಕೋನ ಅಳೆದು ಮೂರನೆಯ ಬಿಂದು ಹಿಡಿಯುವುದು ತ್ರಿಕೋನದ ಕೆಲಸ. ಫೋನ್ ಯಾವ ಕೋನವನ್ನೂ ಅಳೆಯುವುದಿಲ್ಲ. ಅದಕ್ಕೆ ಸಿಗುವುದು ಬರೀ ದೂರ. ‘ದೂರಗಳಿಂದ ಜಾಗ ಹಿಡಿಯುವುದು’ ಅಂದುಬಿಡಿ, ಸಾಕು.

ಇನ್ನು ಮೂರು ಉಪಗ್ರಹ ಅಂತ ಬರೆದಿದ್ದಾಳೆ. ನಾಲ್ಕು ಬೇಕು. ಮೂರರಿಂದ ನೆಲದ ಮೇಲಿನ ಜಾಗ, ನಾಲ್ಕನೆಯದರಿಂದ ಎತ್ತರ. ಹುಸಿದೂರದ ಬಗ್ಗೆ ನನಗೆ ಅಭಿಪ್ರಾಯ ಇಲ್ಲ. ನಾವೆಲ್ಲ ‘ರೇಂಜ್’ ಅಂತಿದ್ದೆವು.

– ನಿವೃತ್ತ ಸರ್ವೇಯರ್

*

ಸರ್ವೇಯರ್ ಸರ್ ಹೇಳಿದ ಮೊದಲ ಮಾತು ನೂರಕ್ಕೆ ನೂರು ಸರಿ. ಎರಡನೆಯದು ಅರ್ಧ. ನಾನು ಜಿಪಿಎಸ್ ರಿಸೀವರ್‌ಗಳ ಕೆಲಸ ಮಾಡುವವಳು, ಈ ‘ಎತ್ತರಕ್ಕೆ ನಾಲ್ಕನೆಯದು’ ಅನ್ನುವುದನ್ನು ಹೊಸಬರ ಬಾಯಲ್ಲಿ ಪ್ರತಿ ವರ್ಷ ಕೇಳುತ್ತೇನೆ. ನಾಲ್ಕನೆಯದು ಬೇಕಾಗುವುದು ಫೋನಿನ ಗಡಿಯಾರ ಸರಿ ಇಲ್ಲದ್ದರಿಂದ. ‘ಹುಸಿ’ ಯಾಕೆ ಬಂತು ಅನ್ನುವುದಕ್ಕೂ ಅದೇ ಉತ್ತರ.

ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ. ಫೋನಿನಲ್ಲಿ ಇರುವುದು ಕೈಗಡಿಯಾರದಲ್ಲಿ ಇರುವಂಥ ಸಣ್ಣ ಕ್ವಾರ್ಟ್ಜ್ ಹರಳು. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ನೇರ ನೆತ್ತಿಯ ಮೇಲಿದ್ದರೆ ಅದರ ಸಿಗ್ನಲ್ ಇಳಿಯಲು ಸೆಕೆಂಡಿನ ಸಾವಿರದಲ್ಲಿ 67 ಭಾಗ ಸಾಕು. ಇಲ್ಲಿ ಫೋನಿನ ಗಡಿಯಾರ ಸಾವಿರದಲ್ಲಿ ಒಂದೇ ಒಂದು ಭಾಗ ಮುಂದಿದ್ದರೂ ದೂರ 300 ಕಿ.ಮೀ. ಜಾಸ್ತಿ ಬರುತ್ತದೆ. ಈ ಲೆಕ್ಕ ನೋಡಿದರೆ ಇಡೀ ಯೋಜನೆ ಕೈಬಿಡಬೇಕು ಅನಿಸುತ್ತದೆ, ಅಲ್ವಾ? ಬಿಡಬೇಕಾಗಿಲ್ಲ. ಗಡಿಯಾರ ಒಂದೇ ಆದ್ದರಿಂದ ಎಲ್ಲ ಉಪಗ್ರಹಗಳ ದೂರವೂ ಒಂದೇ ಅಳತೆಯಲ್ಲಿ ಕೆಟ್ಟಿರುತ್ತದೆ.

ಮಕ್ಕಳಿಗೆ ಗಂಟೆಯ ಉದಾಹರಣೆ ಕೊಡಿ. ನೇರವಾದ ರಸ್ತೆ, ಉದ್ದ 3400 ಮೀಟರ್. ಎರಡು ತುದಿಯಲ್ಲೂ ಒಂದೊಂದು ಗಂಟೆ. ಸರಿಯಾಗಿ ಆರಕ್ಕೆ ಎರಡೂ ಒಟ್ಟಿಗೆ ಬಾರಿಸುತ್ತವೆ. ಶಬ್ದ ಸೆಕೆಂಡಿಗೆ 340 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ನಡುವೆ ಎಲ್ಲೋ ನಿಂತ ನಿಮಗೆ ಎಡಗಡೆ ಗಂಟೆ ಕೇಳಿದಾಗ ನಿಮ್ಮ ವಾಚಿನಲ್ಲಿ ಆರು ದಾಟಿ 5 ಸೆಕೆಂಡ್. ಬಲಗಡೆಯದು ಕೇಳಿದಾಗ 9 ಸೆಕೆಂಡ್. ಗುಣಿಸಿದರೆ ಎಡಕ್ಕೆ 1700 ಮೀಟರ್, ಬಲಕ್ಕೆ 3060. ಕೂಡಿಸಿ ನೋಡಿ, 4760. ರಸ್ತೆಯೇ 3400 ಇದೆ! ಹೆಚ್ಚಾದ 1360 ಮೀಟರ್ ಅಂದರೆ 4 ಸೆಕೆಂಡ್. ಎರಡು ಗಂಟೆಗೆ ಹಂಚಿದರೆ ತಲಾ 2. ನಿಮ್ಮ ವಾಚು 2 ಸೆಕೆಂಡ್ ಮುಂದಿದೆ. ಹಾಗಾದರೆ ನಿಜವಾಗಿ ಹಿಡಿದ ಹೊತ್ತು 3 ಸೆಕೆಂಡ್ ಮತ್ತು 7 ಸೆಕೆಂಡ್. ಎಡದಿಂದ 1020 ಮೀಟರ್‌ನಲ್ಲಿ ನಿಂತಿದ್ದೀರಿ. ವಾಚೂ ಸರಿಹೋಯಿತು, ಜಾಗವೂ ಸಿಕ್ಕಿತು.

ಆ 1700 ಮತ್ತು 3060 ಇವೆಯಲ್ಲ, ಹುಸಿದೂರ ಅಂದರೆ ಅವೇ. ರಸ್ತೆಯ ಮೇಲೆ ಜಾಗ ಹೇಳಲು ಒಂದು ಸಂಖ್ಯೆ ಸಾಕು, ಆದರೂ ವಾಚಿನ ದೆಸೆಯಿಂದ ಎರಡು ಗಂಟೆ ಬೇಕಾಯಿತು. ಆಕಾಶದ ಕೆಳಗೆ ಜಾಗಕ್ಕೆ ಮೂರು ಸಂಖ್ಯೆ, ವಾಚಿಗೆ ಇನ್ನೊಂದು. ಅದಕ್ಕೇ ನಾಲ್ಕು. ಸರ್, ನೀವು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಸಮುದ್ರದ ಮೇಲಿನ ಹಡಗಿಗೆ ತನ್ನ ಎತ್ತರ ಮೊದಲೇ ಗೊತ್ತು. ಅದು ಮೂರರಲ್ಲೇ ಜಾಗ ಮತ್ತು ಸಮಯ ಎರಡನ್ನೂ ಹಿಡಿಯಬಹುದು.

– ರಿಸೀವರ್ ಎಂಜಿನಿಯರ್

*

ಒಳ್ಳೆ ಸಮಯಕ್ಕೆ ಈ ವಿಷಯ ಬಂತು. ನನ್ನ ಫೋನೂ ಸುಳ್ಳು ಹೇಳುತ್ತದೆ. ಬಯಲಿನಲ್ಲಿ ಸರಿ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ ನಿಂತರೆ ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರಿ ಕೂರುತ್ತದೆ. ಇದಕ್ಕೆ ಹುಸಿದೂರ ಕಾರಣ ಅಂತ ಈಗ ತಿಳಿಯಿತು. ಫೋನಿನ ಸಮಯವನ್ನು ಕೈಯಲ್ಲೇ ಸರಿಮಾಡಿಟ್ಟರೆ ಹೋಗುತ್ತದಾ?

– ಚುಕ್ಕೆ ಕಳೆದುಕೊಂಡವನು

*

ಹೋಗುವುದಿಲ್ಲ. ನೀವು ಕೈಯಲ್ಲಿ ತಿದ್ದುವುದು ಪರದೆಯ ಮೇಲಿನ ಗಂಟೆಯನ್ನು. ಅದನ್ನು ಸೆಕೆಂಡಿಗೆ ಸರಿಯಾಗಿ ಇಟ್ಟರೂ ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಅಂದರೆ 300 ಮೀಟರ್. ಆ ತಪ್ಪನ್ನು ಫೋನ್ ತಾನೇ ಲೆಕ್ಕ ಹಾಕಿ ತೆಗೆಯುತ್ತದೆ, ಮೇಲೆ ಗಂಟೆಯ ಲೆಕ್ಕದಲ್ಲಿ ತೆಗೆದ ಹಾಗೆ. ನಿಮ್ಮ ತೊಂದರೆ ಬೇರೆ ಜಾತಿಯದು. ಸಿಗ್ನಲ್ ನೇರ ಬರದೆ ಗೋಡೆಗೆ ಬಡಿದು ಬರುತ್ತದೆ, ದಾರಿ ಉದ್ದವಾಗುತ್ತದೆ. ಈ ತಪ್ಪು ಎಲ್ಲ ಉಪಗ್ರಹಕ್ಕೂ ಸಮ ಅಲ್ಲ, ಗೋಡೆಗೆ ಬಡಿದು ಬಂದದ್ದಕ್ಕೆ ಮಾತ್ರ.

ಅದೇ ರಸ್ತೆಗೆ ಬನ್ನಿ. ಬಲಗಡೆ ಗಂಟೆಯ ಶಬ್ದ ಸುತ್ತಿ ಬಂದು 9ರ ಬದಲು 10 ಸೆಕೆಂಡಿಗೆ ಕೇಳಿತು ಅನ್ನಿ. ಈಗ ಮೊತ್ತ 15 ಸೆಕೆಂಡ್. ರಸ್ತೆಗೆ ಬೇಕಾದ್ದು 10. ಹೆಚ್ಚಾದ 5ನ್ನು ನೀವು ಪಾಪ ವಾಚಿನ ತಲೆಗೆ ಕಟ್ಟುತ್ತೀರಿ, ತಲಾ ಎರಡೂವರೆ. ಎಡದಿಂದ 850 ಮೀಟರ್ ಅಂತ ಬರುತ್ತದೆ. 170 ಮೀಟರ್ ತಪ್ಪು. ಲೆಕ್ಕ ಮಾತ್ರ ನೀಟಾಗಿ ಕೂತಿದೆ, ಅನುಮಾನವೇ ಬರದ ಹಾಗೆ.

ರಸ್ತೆಯ ಸರಿ ನಡುವೆ ಮೂರನೆಯ ಗಂಟೆ ಇದ್ದಿದ್ದರೆ ಗೊತ್ತಾಗುತ್ತಿತ್ತು. ನೀವು 850ರಲ್ಲಿ ಇರುವುದು ನಿಜ ಆದರೆ ಅದು ನಿಮ್ಮ ವಾಚಿನಲ್ಲಿ 5 ಸೆಕೆಂಡಿಗೆ ಕೇಳಬೇಕು. ಕೇಳಿದ್ದು 4ಕ್ಕೆ. ಎಲ್ಲೋ ಎಡವಟ್ಟಾಗಿದೆ ಅಂತ ತಿಳಿಯಿತು. ಯಾವ ಗಂಟೆಯದು ಅಂತ ಹೇಳಲು ಇನ್ನೂ ಒಂದು ಬೇಕು. ಅದಕ್ಕೇ ಫೋನ್ ನಾಲ್ಕಕ್ಕೆ ತೃಪ್ತಿಪಡುವುದಿಲ್ಲ, ಕಂಡಷ್ಟೂ ಉಪಗ್ರಹಗಳನ್ನು ಕೇಳುತ್ತದೆ. ಬೀದಿಯ ಎರಡೂ ಕಡೆ ಗೋಡೆ ಎದ್ದಿದ್ದರೆ ಕಾಣುವ ಆಕಾಶವೇ ಒಂದು ಪಟ್ಟಿ. ಆಗ ಹೆಚ್ಚಿನ ಸಾಕ್ಷಿ ಸಿಗುವುದಿಲ್ಲ. ನಾಲ್ಕು ಹೆಜ್ಜೆ ನಡೆದು ಚೌಕಕ್ಕೆ ಬಂದರೆ ಚುಕ್ಕೆ ತಾನಾಗಿ ಮರಳುತ್ತದೆ, ನೋಡಿ. ತೆರೆದ ಆಕಾಶದ ಕೆಳಗೆ ಫೋನಿನ ತಪ್ಪು ಸಾಮಾನ್ಯವಾಗಿ 5 ಮೀಟರ್ ಆಸುಪಾಸು.

– ರಿಸೀವರ್ ಎಂಜಿನಿಯರ್

*

ಲೆಕ್ಕ ಚೆನ್ನಾಗಿದೆ, ಆದರೆ ಕೇಳಿದ್ದು ಪದದ ಬಗ್ಗೆ. ಅದಕ್ಕೆ ಬರುತ್ತೇನೆ.

‘ಹುಸಿ’ ಅಂದರೆ ಬರೀ ಸುಳ್ಳಲ್ಲ. ಹುಸಿಕೋಪ ಅನ್ನುವಾಗ ಸುಳ್ಳಿಗಿಂತ ಸಲಿಗೆ ಜಾಸ್ತಿ. ನಿರೀಕ್ಷೆ ಹುಸಿಯಾಯಿತು ಅನ್ನುವಾಗ ಯಾರೂ ಮೋಸ ಮಾಡಿರುವುದಿಲ್ಲ. ಆದರೆ ಇವತ್ತಿನ ಮಗುವಿನ ಕಿವಿಗೆ ಹುಸಿ ಬೀಳುವುದು ‘ಹುಸಿ ಬಾಂಬ್ ಕರೆ’ ಅನ್ನುವ ಸುದ್ದಿಯಲ್ಲಿ. ಮುಂದಿನ ಬೆಂಚಿನ ಹುಡುಗ ಕೇಳಿದ್ದು ಸಹಜ. ಕೆಲವರು ‘ಮಿಥ್ಯಾದೂರ’ ಅಂದಾರು, ಅದು ಇನ್ನೂ ಭಾರ.

ನನ್ನ ಆಯ್ಕೆ ‘ಕಚ್ಚಾ ದೂರ’. ಕಚ್ಚಾ ಲೆಕ್ಕ ಅಂದರೆ ಸುಳ್ಳು ಲೆಕ್ಕ ಅಂತ ಯಾರೂ ತಿಳಿಯುವುದಿಲ್ಲ. ಇನ್ನೂ ತಿದ್ದಬೇಕಾದದ್ದು, ಅಷ್ಟೆ. ಪಾತ್ರೆ ಸಮೇತ ತೂಗಿದ ಹಾಲಿನ ಹಾಗೆ ಇದು. ಪ್ರತಿ ಸಲವೂ ಅದೇ ಪಾತ್ರೆ, ಆದ್ದರಿಂದ ಪಾತ್ರೆಯ ತೂಕ ಕಳೆದರೆ ಆಯಿತು. ಅಂದಹಾಗೆ ಆ ವಾಚಿನ ತಪ್ಪಿಗೂ ಹೊಸ ಪದ ಹುಡುಕಬೇಡಿ. ‘ವಾಚು ಮುಂದಿದೆ, ಹಿಂದಿದೆ’ ಅನ್ನುವುದು ಎಲ್ಲರ ಬಾಯಲ್ಲೂ ಇದೆ.

– ಪದಕೋಶದ ಕೆಲಸ ಮಾಡಿದವರು

*

ಪಾತ್ರೆಯ ಹೋಲಿಕೆ ಚೆನ್ನಾಗಿದೆ, ಕದಿಯುತ್ತೇನೆ. ಆದರೆ ‘ಕಚ್ಚಾ’ ಬಗ್ಗೆ ನನಗೆ ತಕರಾರು. ನಮ್ಮ ಕೆಲಸದಲ್ಲಿ ಗ್ರಹಿಸಿದ ಅಲೆಯನ್ನೇ ಕಚ್ಚಾ ಡೇಟಾ ಅನ್ನುತ್ತೇವೆ. ದೂರ ಬರುವುದು ಅದನ್ನು ಅರೆದು ಸೋಸಿದ ಮೇಲೆ. ಇನ್ನೊಂದು, ಗೋಡೆಗೆ ಬಡಿದು ಬಂದ ಹೆಚ್ಚಿನ ದೂರವೂ ಆ ಅಳತೆಯ ಒಳಗೇ ಇದೆ. ಪಾತ್ರೆ ಪ್ರತಿ ಸಲ ಅದೇ ಆದರೂ ಒಂದು ಸಲ ಯಾರೋ ಹಾಲಿಗೆ ನೀರು ಹಾಕಿದ ಹಾಗೆ. ‘ತೋರಿಕೆಯ ದೂರ’ ಅಂದರೆ ಎರಡನ್ನೂ ತಾಳುತ್ತದೆ ಅಂತ ನನ್ನ ಲೆಕ್ಕ.

– ರಿಸೀವರ್ ಎಂಜಿನಿಯರ್

*

ತೋರಿಕೆ ಅಂದರೆ ಕಣ್ಣಿಗೆ ಕಾಣುವುದು. ಫೋನಿಗೆ ಕಣ್ಣೆಲ್ಲಿ? ಅದು ಕೇಳಿಸಿಕೊಳ್ಳುತ್ತದೆ ಅಂತ ಆ ಹುಡುಗಿಯೇ ಬರೆದಿದ್ದಾಳೆ.

– ಪದಕೋಶದ ಕೆಲಸ ಮಾಡಿದವರು

*

ಎಲ್ಲರಿಗೂ ವಂದನೆ. ತ್ರಿಕೋನ ತೆಗೆದೆವು, ಮೂರನ್ನು ನಾಲ್ಕು ಮಾಡಿದೆವು. ನಿನ್ನೆ ಅವಳಿಗೆ ರಸ್ತೆ ಮತ್ತು ಗಂಟೆಯ ಲೆಕ್ಕ ಕೊಟ್ಟು ಉತ್ತರ ಹೇಳದೆ ಕೂತೆ. 4760 ಬಂದಾಗ “ರಸ್ತೆಗಿಂತ ಉದ್ದ ಆಯ್ತಲ್ಲ ಮಿಸ್” ಅಂತ ತಾನೇ ನಿಂತಳು. ಹೊಸ ಕರಡು ಹೀಗಿದೆ:

“ಫೋನಿನ ಗಡಿಯಾರ ಸ್ವಲ್ಪ ಮುಂದೋ ಹಿಂದೋ ಇರುತ್ತದೆ. ಅದರಿಂದ ಸಿಕ್ಕ ದೂರಗಳೆಲ್ಲ ಒಂದೇ ಅಳತೆಯಲ್ಲಿ ತಪ್ಪಾಗಿರುತ್ತವೆ. ನಾಲ್ಕು ದೂರಗಳು ಒಂದೇ ಜಾಗದಲ್ಲಿ ಸೇರಬೇಕಾದರೆ ಗಡಿಯಾರವನ್ನು ಎಷ್ಟು ಸರಿಸಬೇಕು ಅಂತ ಫೋನ್ ಹುಡುಕುತ್ತದೆ. ಅದು ಸಿಕ್ಕಾಗ ಜಾಗವೂ ಸಿಕ್ಕಿರುತ್ತದೆ.”

ನೋಡಿ, ಆ ಪದವೇ ಬೇಕಾಗಲಿಲ್ಲ. ಆದರೆ ಗೋಡೆ ಪತ್ರಿಕೆಯ ಚಿತ್ರದಲ್ಲಿ ಗೆರೆಯ ಪಕ್ಕ ಏನಾದರೂ ಬರೆಯಲೇಬೇಕು. ಅವಳು ‘ವಾಚು ಹೇಳಿದ ದೂರ’ ಅಂತ ಬರೆದಿದ್ದಾಳೆ. ನನಗೆ ಇಷ್ಟವಾಯಿತು. ನಿಘಂಟಿಗೆ ಹೋಗುವ ಪದ ಅಲ್ಲ ಅಂತ ಗೊತ್ತು. ಯಾರಾದರೂ ಇದಕ್ಕಿಂತ ಚಿಕ್ಕದು ಕೊಟ್ಟರೆ ಬುಧವಾರದ ಒಳಗೆ ತಿಳಿಸಿ, ಬಣ್ಣ ಹಚ್ಚುವುದು ಅವತ್ತೇ.

– ಶಿಕ್ಷಕಿ