ಕುಂಡಕ್ಕೆ ಎಷ್ಟು ಲೀಟರ್ ಮಣ್ಣು ಹಿಡಿಯುತ್ತೆ?

ಪ್ರಶ್ನೆ (ತಾರಸಿ ತೋಟದವರು): ಹತ್ತು ಮಣ್ಣಿನ ಕುಂಡ ತಂದೆ. ಟೇಪು ಹಿಡಿದು ಅಳೆದರೆ ಬಾಯಿ 33 ಸೆಂ.ಮೀ, ತಳ 23, ಎತ್ತರ 29. ಸೂತ್ರಕ್ಕೆ ಹಾಕಿದರೆ ಒಂದಕ್ಕೆ 18 ಲೀಟರ್. 180 ಲೀಟರ್ ಮಣ್ಣು ತರಿಸಿದೆ, ಹತ್ತೂ ತುಂಬಿದ ಮೇಲೂ ಅರವತ್ತು ಲೀಟರಿಗಿಂತ ಜಾಸ್ತಿ ಉಳಿದಿದೆ. ಸೂತ್ರ ತಪ್ಪಾ?

ಗಣಿತ ಮೇಷ್ಟ್ರು: ಸೂತ್ರ ಸರಿ ಇದೆ ಸರ್. ನೀವು ಟೇಪನ್ನ ಹೊರಗೆ ಹಿಡಿದಿದ್ದೀರಿ ಅನ್ಸುತ್ತೆ. ಗೋಡೆ ಎಷ್ಟು ದಪ್ಪ ಇದೆ ನೋಡಿ ಹೇಳಿ.

ತಾರಸಿ ತೋಟದವರು: ಹೌದು, ಹೊರಗೇ ಅಳೆದಿದ್ದು. ಗೋಡೆ ಒಂದೂವರೆ ಸೆಂ.ಮೀ, ತಳ ಎರಡು.

ಗಣಿತ ಮೇಷ್ಟ್ರು: ಹಾಗಾದರೆ ಒಳಗೆ ಬಾಯಿ 30, ತಳ 20, ಎತ್ತರ 27. ಕುಂಡ ಅಂದರೆ ತುದಿ ಕತ್ತರಿಸಿದ ಶಂಕು, ಆ ಶಂಕುವಿನ ಭಿನ್ನಕದ ಸೂತ್ರಕ್ಕೆ ವ್ಯಾಸದ ಅರ್ಧ ಹಾಕಬೇಕು, ಅಂದರೆ 15 ಮತ್ತು 10:

```
V = πh(R² + Rr + r²)/3
  = 3.14 × 27 × (225 + 150 + 100)/3
  ≈ 13,400 ಘನ ಸೆಂ.ಮೀ = 13.4 ಲೀಟರ್
```

ಸಾವಿರ ಘನ ಸೆಂ.ಮೀ ಒಂದು ಲೀಟರ್. ಅಷ್ಟು ತೆಳು ಗೋಡೆಯೇ ನಾಲ್ಕೂವರೆ ಲೀಟರ್ ತಿಂದುಬಿಟ್ಟಿದೆ. ಇನ್ನು ನೀರು ನಿಲ್ಲಲಿ ಅಂತ ಮೇಲೆ ಮೂರು ಸೆಂ.ಮೀ ಖಾಲಿ ಬಿಟ್ಟಿರ್ತೀರಿ, ಅಲ್ವಾ? ಕುಂಡ ಅಗಲವಾಗಿರೋದು ಅಲ್ಲೇ, ಹಾಗಾಗಿ ಆ ಮೂರು ಸೆಂ.ಮೀ ಗೇ ಎರಡು ಲೀಟರ್ ಹೋಗುತ್ತೆ. ಉಳಿಯೋದು 11.4. ಹತ್ತು ಕುಂಡಕ್ಕೆ 114 ಲೀಟರ್, ನಿಮ್ಮಲ್ಲಿ ಉಳಿದ ಲೆಕ್ಕಕ್ಕೆ ಸರಿಹೋಯ್ತು.

ನರ್ಸರಿ ನಡೆಸುವವರು: ಇಷ್ಟೆಲ್ಲಾ ಯಾಕೆ? ಬಾಯಿ, ತಳ ಕೂಡಿಸಿ ಅರ್ಧ ಮಾಡಿ, ಡಬ್ಬಿ ಅಂದ್ಕೊಂಡು ಲೆಕ್ಕ ಹಾಕಿ. ನಾನು ಯಾವಾಗಲೂ ಹಾಗೇ ಮಾಡೋದು.

ಗಣಿತ ಮೇಷ್ಟ್ರು: ಈ ಕುಂಡಕ್ಕೆ ನಡೆಯುತ್ತೆ, 13.25 ಲೀಟರ್ ಬರುತ್ತೆ. ಆದರೆ ತಳ 10 ಸೆಂ.ಮೀ ಇರೋ ಚೂಪು ಕುಂಡ ಆದರೆ? ನಿಜಕ್ಕೂ 9.2 ಲೀಟರ್ ಹಿಡಿಯುತ್ತೆ, ನಿಮ್ಮ ಲೆಕ್ಕದಲ್ಲಿ 8.5. ಈ ದಾರಿ ಯಾವಾಗಲೂ ಕಡಿಮೆಯೇ ತೋರಿಸುತ್ತೆ, ಕುಂಡ ಚೂಪಾದಷ್ಟೂ ತಪ್ಪು ಜಾಸ್ತಿ.

ಹೊಸ ಸದಸ್ಯೆ: ಅಂದ್ರೆ ಒಂದು ಕುಂಡಕ್ಕೆ 11.4 ಕೆಜಿ ಮಣ್ಣು ಸಾಕಾ? ನಮ್ಮ ಬಾಲ್ಕನಿ ತೂಕ ತಡೆಯುತ್ತಾ ಅಂತ ಭಯ.

ಗಣಿತ ಮೇಷ್ಟ್ರು: ಇಲ್ಲಮ್ಮಾ, ಲೀಟರ್ ಬೇರೆ, ಕೆಜಿ ಬೇರೆ. ಕೊಕೊಪೀಟ್ ಜಾಸ್ತಿ ಇದ್ದರೆ ಹಗುರ, ಕೆಮ್ಮಣ್ಣು ಜಾಸ್ತಿ ಇದ್ದರೆ ಭಾರ, ನೀರು ಹಾಕಿದ ಮೇಲೆ ಇನ್ನೂ ಭಾರ. ಒಂದು ಕುಂಡ ತುಂಬಿ, ನೀರು ಹಾಕಿ ತೂಗಿ ನೋಡಿ. ಬಾಲ್ಕನಿ ವಿಷಯ ಇಂಜಿನಿಯರ್ ಹತ್ರಾನೇ ಕೇಳಬೇಕು.

ನರ್ಸರಿ ನಡೆಸುವವರು: ಒಪ್ಪಿದೆ ಮೇಷ್ಟ್ರೇ. ಆದರೆ ಎರಡು ಸಲ ನೀರು ಹಾಕಿದರೆ ಮಣ್ಣು ಕೂರುತ್ತೆ. ಅದಕ್ಕೆ ಎಷ್ಟು ಸೇರಿಸಬೇಕು?

ಗಣಿತ ಮೇಷ್ಟ್ರು: ಅದನ್ನ ಸೂತ್ರ ಹೇಳಲ್ಲ, ಮಿಶ್ರಣದ ಮೇಲೆ ಹೋಗುತ್ತೆ. ಇನ್ನೊಂದು, ಅಂಚು ಹೊರಗೆ ಮಡಚಿದ ಕುಂಡ, ಹೊಟ್ಟೆ ಉಬ್ಬಿದ ಕುಂಡಕ್ಕೆ ಈ ಸೂತ್ರ ಹಾಕಬೇಡಿ. ತಳದ ತೂತಿಗೆ ಒಳಗಿಂದ ಪ್ಲಾಸ್ಟಿಕ್ ಒತ್ತಿ, ಲೀಟರ್ ಬಾಟಲಿಯಲ್ಲಿ ನೀರು ಎಣಿಸಿ ಸುರಿಯಿರಿ. ಮಣ್ಣಿನ ಕುಂಡ ನೀರು ಹೀರುತ್ತೆ, ಅದನ್ನ ಮೊದಲೇ ನೆನೆಸಿಟ್ಟಿರಬೇಕು.

ತಾರಸಿ ತೋಟದವರು: ಈಗಷ್ಟೇ ಖಾಲಿ ಕುಂಡದ ಬಾಯಿಗೆ ಅಡ್ಡ ಕೋಲಿಟ್ಟು, ಸ್ಕೇಲು ನೇರ ಇಳಿಸಿದೆ. 27 ಬಂತು ಸರ್. ಉಳಿದ ಮಣ್ಣಿಗೆ ಇನ್ನೂ ಐದು ಕುಂಡ ತರ್ತೀನಿ.