ಪದಚರ್ಚೆ: ಭತ್ತದ ಆಟಕ್ಕೆ ಹೊರಟ ತಂಡಕ್ಕೂ ಎರಡು ರೋಬೋಗಳಿಗೂ ಹೆಸರು ಬೇಕಾಗಿದೆ

ದಾವಣಗೆರೆಯಿಂದ, ತಂಡದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ತಂಡವು 2024ರ ರಾಷ್ಟ್ರೀಯ ರೋಬೋಕಾನ್ ಸ್ಪರ್ಧೆಗಾಗಿ ದೆಹಲಿಗೆ ಹೊರಟಿದೆ. ಅಂತರರಾಷ್ಟ್ರೀಯ ಸುತ್ತು ವಿಯೆಟ್ನಾಮಿನಲ್ಲಿ ನಡೆಯುವುದರಿಂದ ಈ ವರ್ಷದ ಆಟದ ವಸ್ತು ಭತ್ತದ ಬೇಸಾಯ. ಮೊದಲನೆಯ ರೋಬೋ ಸಸಿ ನೆಟ್ಟು, ಭತ್ತವೆಂದೂ ಜೊಳ್ಳೆಂದೂ ಕರೆಯಲಾಗುವ ಚೆಂಡುಗಳನ್ನು ಕೊಯ್ದು ಮುಂದಕ್ಕೆ ಸಾಗಿಸುತ್ತದೆ. ಎರಡನೆಯದು ಯಾರೂ ನಡೆಸದೆ ತಾನೇ ಓಡಾಡಿ, ಜೊಳ್ಳಿನ ನೇರಳೆ ಚೆಂಡುಗಳನ್ನು ಬಿಟ್ಟು, ನಮ್ಮ ಬಣ್ಣದವನ್ನು ಮಾತ್ರ ಆಯ್ದು ಸೈಲೋಗಳಿಗೆ ತುಂಬುತ್ತದೆ. ತಂಡಕ್ಕೆ "ಯಂತ್ರಶಕ್ತಿ", ರೋಬೋಗಳಿಗೆ "ನಾಟಿ", "ಜೊಳ್ಳು" ಎಂದು ಯೋಚಿಸಿದ್ದೇವೆ. ಅರ್ಜಿಯಲ್ಲಿ ರೋಮನ್ ಲಿಪಿಗೆ ಮಾತ್ರ ಅವಕಾಶವಿದೆ. ಅಂಗಿಯ ಅಚ್ಚಿಗೆ ಗುರುವಾರ ಕೊನೆಯ ದಿನ. ಸೈಲೋಗೆ ಕನ್ನಡದಲ್ಲಿ ಏನೆನ್ನಬೇಕೆಂಬುದನ್ನೂ ದಯವಿಟ್ಟು ತಿಳಿಸಿ.

ಮೈಸೂರಿನಿಂದ:

ಯಂತ್ರವೂ ಶಕ್ತಿಯೂ ಸಂಸ್ಕೃತ. ಅದನ್ನು ಕೈಬಿಡಿ. ರೋಬೋ ಎಂಬುದನ್ನೂ ಉಳಿಸಿಕೊಳ್ಳಬೇಕಾಗಿಲ್ಲ. 1920ರಲ್ಲಿ ಚಾಪೆಕ್ ತನ್ನ ನಾಟಕದಲ್ಲಿ ಬಳಸಿದ ಆ ಪದದ ಹಿಂದಿರುವುದು ಬಲವಂತದ ದುಡಿಮೆ ಎಂಬರ್ಥದ ಚೆಕ್ ಮಾತು. ಅದಕ್ಕೆ ನಮ್ಮಲ್ಲಿ "ಬಿಟ್ಟಿ" ಎಂಬ ಅಚ್ಚಗನ್ನಡ ಪದವಿದೆ. "ಬಿಟ್ಟಿಯಾಳು" ಎಂದು ಹೆಸರಿಡಿ.

ಶಿವಮೊಗ್ಗದಿಂದ, ನಿವೃತ್ತ ಅಧ್ಯಾಪಕ:

ಬಿಟ್ಟಿ ಅಚ್ಚಗನ್ನಡವಲ್ಲ, ವಿಷ್ಟಿಯ ತದ್ಭವ. ಆ ಚರ್ಚೆ ಇಲ್ಲಿಗೆ ಸಾಕು.

ಮಗಳೇ, ನಿಮ್ಮ ಹೆಸರನ್ನು ಮೈದಾನದಲ್ಲಿ ಕೂಗುವವರು ಕನ್ನಡ ಬಾರದವರಾಗಿರಬಹುದು. ಅವರು ಓದುವುದು ರೋಮನ್ ಅಕ್ಷರಗಳನ್ನು. `Jollu` ಎಂದು ಬರೆದರೆ ಅದು ಜೊಳ್ಳೋ ಜೊಲ್ಲೋ ಎಂದು ನಮ್ಮವರಿಗೇ ತಿಳಿಯುವುದಿಲ್ಲ. ಅಲ್ಲದೆ, ಜೊಳ್ಳನ್ನು ಬಿಟ್ಟು ಗಟ್ಟಿಕಾಳನ್ನು ಆಯುವ ರೋಬೋಗೆ ಜೊಳ್ಳಿನ ಹೆಸರನ್ನೇ ಇಡುವುದು ಸರಿಯಲ್ಲ. `Naati` ಎಂಬುದು ಹಿಂದಿಯವರ ಕಿವಿಗೆ ಮೊಮ್ಮಗನಾಗುತ್ತದೆ. `Suggi` ಎಂಬುದನ್ನು ಮಾತ್ರ ಯಾರು ಓದಿದರೂ ಸುಗ್ಗಿಯೇ. ಈ ಆಟದಲ್ಲಿ ಐದು ಸೈಲೋಗಳ ಪೈಕಿ ಮೂರನ್ನು ನಿಯಮದಂತೆ ತುಂಬಿದ ತಂಡ ಅಲ್ಲಿಗೇ ಗೆಲ್ಲುತ್ತದೆ, ಆ ಗೆಲುವಿಗೆ "ಮುವಾ ವಾಂಗ್" ಎಂಬ ಹೆಸರಿದೆ. ಮುವಾ ಎಂದರೆ ಕಾಲ, ವಾಂಗ್ ಎಂದರೆ ಹೊಂಬಣ್ಣ. ಕಾಲವನ್ನೂ ಕೊಯ್ಲನ್ನೂ ಒಟ್ಟಿಗೆ ಹೇಳುವ ನಮ್ಮ ಮಾತು ಸುಗ್ಗಿ. ತಂಡಕ್ಕೆ ಅದೇ ಇರಲಿ. ಸೈಲೋ ಎಂಬುದಕ್ಕೆ ಕಣಜ ಸಾಕು. ಹಗೇವು ನೆಲದೊಳಗಿನದು, ಇಲ್ಲಿ ಹೊಂದದು.

ಕಲಬುರಗಿಯಿಂದ:

ಪ್ರಯೋಗಾಲಯದ ಫಲಕಕ್ಕಾದರೆ "ಯಂತ್ರಮಾನವ ತಂತ್ರಜ್ಞಾನ ವಿಭಾಗ" ಎಂದು ಬರೆಯಿಸಬಹುದು. ನಮ್ಮ ಕಾಲೇಜಿನಲ್ಲಿ ಹಾಗೆಯೇ ಇದೆ.

ಬೆಂಗಳೂರಿನಿಂದ:

ಕೇಳಿರುವುದು ಫಲಕದ ವಿಷಯವಲ್ಲ. ಹೆಸರನ್ನು ಮೊದಲು ಬೇರೆ ಭಾಷೆಯವರಿಂದ ಓದಿಸಿ ನೋಡಿ. ನಮ್ಮ ತಂಡದ ಹೆಸರು "ಕಿಡಿ" ಎಂದಿತ್ತು. `Kidi` ಎಂದು ತೆರೆಯ ಮೇಲೆ ಬಂದಾಗ ನಿರೂಪಕರು ಅದನ್ನು "ಕೀಡಿ" ಎಂದು ಎಳೆದು ಓದಿದರು; ಪಕ್ಕದ ತಂಡದ ಹುಡುಗನೊಬ್ಬ ಬಂದು, ನಿಮ್ಮದು ಹುಳುವಿನ ಹೆಸರೇ ಎಂದು ಕೇಳಿದ. ಎರಡು ದಿನವೂ ನಾವು ಹುಳುವಾಗಿಯೇ ಉಳಿದೆವು, ಅದು ಇಂದಿಗೂ ನನಗೆ ನೋವು.

ಉಡುಪಿಯಿಂದ:

ನೆಡುವ ರೋಬೋಗೆ "ಕೂರಿಗೆ" ಎನ್ನಬಹುದು.

ಶಿವಮೊಗ್ಗದಿಂದ, ನಿವೃತ್ತ ಅಧ್ಯಾಪಕ:

ಕೂರಿಗೆಯಿಂದ ಬಿತ್ತುತ್ತಾರೆ, ನೆಡುವುದಿಲ್ಲ. ಸಸಿಗೆ ಅಗೆ ಎನ್ನುವ ಮಾತು ಚೆನ್ನಾಗಿದೆ, ಆದರೆ `Age` ಎಂದು ಬರೆದ ಕೂಡಲೇ ಇಂಗ್ಲಿಷಿನ ವಯಸ್ಸಾಗಿಬಿಡುತ್ತದೆ. ನಿಮ್ಮ ಕರಾವಳಿಯಲ್ಲೇ "ನೇಜಿ" ಇದೆಯಲ್ಲ. ಆಯುವ ರೋಬೋಗೆ "ಮೊರ" ಎನ್ನಿ. ಮೊರದಲ್ಲಿ ಕೇರಿದಾಗ ಜೊಳ್ಳು ಹಾರಿಹೋಗಿ ಗಟ್ಟಿಕಾಳು ಹಿಂದೆ ಉಳಿಯುತ್ತದೆ. ಈ ರೋಬೋ ಮಾಡುವ ಕೆಲಸವೂ ಅದೇ. ಹಿಂದಿಯವರು ಅದನ್ನು ನವಿಲೆಂದುಕೊಂಡರೂ ಅಡ್ಡಿಯಿಲ್ಲ.

ಮೈಸೂರಿನಿಂದ:

ನೇಜಿ ತುಳುವಿನ ಮಾತು. ಕಣಜವೂ ಸಂಸ್ಕೃತದ ಕಣದಿಂದ, ಅಂದರೆ ಕಾಳು ಎಂಬ ಪದದಿಂದ ಬಂದದ್ದು. ಎರವಲು ಬೇಡವೆಂದಮೇಲೆ ಯಾರಿಂದಲೂ ಬೇಡ.

ಉಡುಪಿಯಿಂದ:

ನಮ್ಮ ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ, ಆಷಾಢದಲ್ಲಿ ನೇಜಿಯನ್ನೇ ನೆಡುತ್ತೇವೆ. ಗದ್ದೆಯಲ್ಲಿ ಬಗ್ಗಿ ನಿಂತವರ ಬಾಯಲ್ಲಿರುವ ಮಾತನ್ನು ನೀವು ಹೊರಗಿನದೆಂದರೆ ನಾನು ಒಪ್ಪುವುದಿಲ್ಲ.

ಶಿವಮೊಗ್ಗದಿಂದ, ನಿವೃತ್ತ ಅಧ್ಯಾಪಕ:

ಕಣವೆಂದರೆ ನಮ್ಮಲ್ಲಿ ಒಕ್ಕುವ ಜಾಗ, ತಮಿಳಿನ ಕಳಂ. ಉಗ್ರಾಣಕ್ಕೆ ಅವರು ಕಳಂಜಿಯಂ ಎನ್ನುತ್ತಾರೆ. ಕಣಜವನ್ನು ನಾನು ಅದರ ಜೊತೆಗಿಡುತ್ತೇನೆ.

ಮೈಸೂರಿನಿಂದ:

ಧ್ವನಿಯ ಹೋಲಿಕೆ ಪುರಾವೆಯಲ್ಲ. ಆ ಜಕಾರ ಎಲ್ಲಿಂದ ಬಂತೆಂದು ತೋರಿಸಿ.

ದಾವಣಗೆರೆಯಿಂದ, ತಂಡದ ವಿದ್ಯಾರ್ಥಿನಿ:

ತಮ್ಮೆಲ್ಲರಿಗೂ ಕೃತಜ್ಞತೆಗಳು. ನಮ್ಮ ತಂಡದಲ್ಲಿರುವ ಬಿಹಾರದ ಗೆಳೆಯನಿಂದ ಮೂರು ಹೆಸರುಗಳನ್ನೂ ಓದಿಸಿದೆವು. `Suggi`, `Neji` ಎಂಬುವನ್ನು ಆತ ಸರಿಯಾಗಿ ಓದಿದ, `Mora` ಎಂಬುದನ್ನು ಮಾತ್ರ "ಮೋರಾ" ಎಂದ. ನೇಜಿ ನಮ್ಮ ಕಡೆ ಬಳಕೆಯಲ್ಲಿಲ್ಲವಾದರೂ ಎಲ್ಲರಿಗೂ ಹಿಡಿಸಿದೆ. ಅರ್ಜಿಯಲ್ಲಿ ಈ ಮೂರನ್ನೂ ತುಂಬಿದ್ದೇವೆ, ಅಂಗಿಯ ಬೆನ್ನಿನ ಮೇಲೆ ಕನ್ನಡ ಲಿಪಿಯಲ್ಲಿ "ಸುಗ್ಗಿ" ಇರುತ್ತದೆ. ಭಿತ್ತಿಪತ್ರದಲ್ಲಿ ಕಣಜ ಎಂದೇ ಬರೆದಿದ್ದೇವೆ.

ಮೈಸೂರಿನಿಂದ:

ಜಕಾರದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.