ಸ್ಲೈಡಿನಲ್ಲಿ ಸರಿ ಇದ್ದದ್ದು ಕೀ ಉತ್ತರದಲ್ಲಿ ತಪ್ಪಾಯಿತಾ?

ಉಡುಪಿ ಟೀಚರ್: ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠದ ಸ್ಲೈಡುಗಳಿಂದ 10 ಬಹು ಆಯ್ಕೆ ಪ್ರಶ್ನೆ ಮಾಡಿದೆ. ‘ತಂತಿಯ ಉದ್ದ ಎರಡರಷ್ಟಾದರೆ ರೋಧವೂ ಎರಡರಷ್ಟು’ ಎಂದು ಸ್ಲೈಡಿನಲ್ಲಿದೆ. ನಾನು ‘ರೋಧ R ಇರುವ ತಂತಿಯನ್ನು ಎಳೆದು ಉದ್ದ ಎರಡರಷ್ಟು ಮಾಡಿದರೆ ರೋಧ ಎಷ್ಟು?’ ಎಂದು ಕೇಳಿ, ಕೀ ಉತ್ತರ 2R ಕೊಟ್ಟೆ. ಒಬ್ಬಳು 4R ಹಾಕಿ ವಾದಕ್ಕೆ ನಿಂತಿದ್ದಾಳೆ. ಯಾರದ್ದು ಸರಿ?

ಮಲ್ಪೆ ಮೇಷ್ಟ್ರು: ಸ್ಲೈಡಿನಲ್ಲಿ ಇದ್ದದ್ದೇ ಕೀ ಉತ್ತರ. ಪ್ರತಿ ಉತ್ತರದ ಪಕ್ಕ ಸ್ಲೈಡ್ ನಂಬರ್ ಬರೆದಿಟ್ಟರೆ ಆಯ್ತು, ವಾದವೇ ಬರುವುದಿಲ್ಲ.

ಬ್ರಹ್ಮಾವರದಿಂದ: ನಂಬರ್ ಬರೆಯುವುದು ಒಳ್ಳೆಯ ಅಭ್ಯಾಸ ಮಾರಾಯ್ರೆ, ಆದರೆ ಇಲ್ಲಿ ಹುಡುಗಿಯದ್ದೇ ಸರಿ. ಎಳೆದರೆ ತಂತಿ ತೆಳ್ಳಗಾಗುತ್ತದೆ. ಲೋಹ ಇದ್ದಷ್ಟೇ ಇರುವುದರಿಂದ ಉದ್ದ ಎರಡರಷ್ಟಾದಾಗ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕೆ ಇಳಿಯುತ್ತದೆ. ಉದ್ದದಿಂದ ಎರಡು ಪಟ್ಟು, ತೆಳ್ಳಗಾದದ್ದರಿಂದ ಮತ್ತೆ ಎರಡು ಪಟ್ಟು. ಸ್ಲೈಡಿನ ಮಾತೂ ಸುಳ್ಳಲ್ಲ. ‘ದಪ್ಪ ಅಷ್ಟೇ ಇದ್ದರೆ’ ಎನ್ನುವುದನ್ನು ನಾವು ಪಾಠದಲ್ಲಿ ಬಾಯಲ್ಲಿ ಹೇಳುತ್ತೇವೆ, ಸ್ಲೈಡಿನಲ್ಲಿ ಬರೆಯುವುದಿಲ್ಲ. ‘ಎಳೆದು’ ಎಂಬ ಒಂದು ಪದ ಸೇರಿದ ಕೂಡಲೇ ಅದು ಬೇರೆಯೇ ಪ್ರಶ್ನೆ.

ಸುರತ್ಕಲ್ ಅಮ್ಮ: ನಮ್ಮ ಮಗ ಪಾಠ ಓದದೆಯೇ 10ಕ್ಕೆ 7 ತೆಗೆದ. ಹೇಗೆ ಎಂದರೆ ‘ಉದ್ದದ ಆಯ್ಕೆಗೇ ಟಿಕ್ ಹಾಕಿದೆ ಅಮ್ಮ’ ಅಂದ! ಸ್ಲೈಡಿನ ವಾಕ್ಯ ಇಡೀ ಎತ್ತಿ ಸರಿ ಉತ್ತರ ಮಾಡಿ, ಉಳಿದ ಮೂರಕ್ಕೆ ಸುಮ್ನೆ ಎರಡೆರಡು ಪದ ಹಾಕಿದ್ದರಂತೆ.

ಉಡುಪಿ ಟೀಚರ್: ಅಯ್ಯೋ, ನನ್ನದರಲ್ಲೂ ಅಂಥದ್ದು ಎರಡಿದೆ. ಲೆಕ್ಕದ ಪ್ರಶ್ನೆಗೆ ಆ ಭಯ ಇಲ್ಲ ಅಲ್ವಾ? ‘2 ಓಮ್‌ನ ಎರಡು ರೋಧಕ ಸಮಾಂತರದಲ್ಲಿ’ ಎಂದು ಕೇಳಿದ್ದೆ. ಹೆಚ್ಚಿನವರು 1 ಓಮ್ ಎಂದು ಸರಿ ಬರೆದಿದ್ದಾರೆ.

ಬ್ರಹ್ಮಾವರದಿಂದ: ಅದೇ ನೋಡಿ ಕಳ್ಳ ಪ್ರಶ್ನೆ. 1/2 + 1/2 ಕೂಡಿದರೆ 1. ಅದನ್ನು ತಲೆಕೆಳಗು ಮಾಡಿದರೂ 1. ತಲೆಕೆಳಗು ಮಾಡಲು ಮರೆತ ಮಗುವಿಗೂ ಪೂರ್ತಿ ಅಂಕ! 3 ಮತ್ತು 6 ಓಮ್ ಕೊಡಿ. ಸರಿ ಉತ್ತರ 2. ತಲೆಕೆಳಗು ಮಾಡದವನು 0.5 ಹಾಕುತ್ತಾನೆ, ಸರಣಿ ಎಂದುಕೊಂಡವನು 9, ಸರಾಸರಿ ತೆಗೆದವನು 4.5. ನಾಲ್ಕು ಆಯ್ಕೆ ಅಲ್ಲಿಗೇ ಸಿಕ್ಕಿತು. ಯಾವ ತಪ್ಪಿಗೆ ಯಾವ ಆಯ್ಕೆ ಎಂದು ಕೀ ಉತ್ತರದ ಪಕ್ಕದಲ್ಲೇ ಗುರುತು ಮಾಡಿಡಿ. ನಾನಂತೂ ಮೊದಲು ಕೀ ಮುಚ್ಚಿಟ್ಟು, ಮರುದಿನ ನಾನೇ ಪರೀಕ್ಷೆ ಬರೆಯುತ್ತೇನೆ. ‘ಎಳೆದು’ ಅಂಥದ್ದು ಆಗಲೇ ಸಿಕ್ಕಿಬೀಳುವುದು ಜಾಸ್ತಿ.

ಮಲ್ಪೆ ಮೇಷ್ಟ್ರು: ಎಳೆದ ತಂತಿಯದ್ದು ಒಪ್ಪಿದೆ. ಆದರೆ 2R ಬರೆದವರು ಎಂತ ಮಾಡಬೇಕು? ಸ್ಲೈಡ್ ಓದಿದ್ದೇ ತಪ್ಪಾ? ಆ ಪ್ರಶ್ನೆಯನ್ನೇ ಕೈಬಿಟ್ಟು 9 ಅಂಕಕ್ಕೆ ಲೆಕ್ಕ ಹಾಕಿ.

ಬ್ರಹ್ಮಾವರದಿಂದ: ಕೈಬಿಟ್ಟರೆ ಯೋಚಿಸಿ ಬರೆದವಳಿಗೆ ಮೋಸ. 4R ಗೆ ಅಂಕ ಕೊಡಿ, 2R ಗೆ ಬೇಡ.

ಉಡುಪಿ ಟೀಚರ್: 32 ಮಕ್ಕಳಲ್ಲಿ 26 ಜನ 2R ಬರೆದಿದ್ದಾರೆ ಸರ್. ನಾಳೆ ಪೇಪರ್ ಕೊಡಬೇಕು.